ಕೋಲಾರದವರಿಗೆ ಪಿಒ ಇಂಟರ್‌ವ್ಯೂನಲ್ಲಿ ಟೊಮೆಟೊ ಪ್ರಶ್ನೆ ಬಂದರೆ?

ಚೇತನ್, ಶ್ರೀನಿವಾಸಪುರ: ಐಬಿಪಿಎಸ್ ಪಿಒ ಮೇನ್ಸ್ ಪಾಸಾಗಿದೆ. ಕೋಚಿಂಗ್‌ನ ಮಾಕ್ ಇಂಟರ್‌ವ್ಯೂನಲ್ಲಿ "ಟೊಮೆಟೊ ಬೆಲೆ ಏರಿದಾಗ ರೆಪೊ ದರ ಏರಿಸಿದರೆ ಸರಿಹೋಗುತ್ತಾ?" ಅಂತ ಕೇಳಿದರು. ಇನ್ನೊಂದು: ವಯಸ್ಸಾದ ಗ್ರಾಹಕರು ಗಾಬರಿಯಲ್ಲಿ ಬಂದು, ಎಫ್‌ಡಿ ಮುರಿದು ಈಗಲೇ ಹಣ ಕಳಿಸಿ ಅಂದರೆ ಏನು ಮಾಡ್ತೀರಿ? ಹೇಗೆ ಉತ್ತರಿಸಲಿ?

ಮಹೇಶ್: ಸುಲಭ. ಹಣದುಬ್ಬರ ಏರಿದರೆ ಆರ್‌ಬಿಐ ರೆಪೊ ಏರಿಸುತ್ತೆ, ಬೆಲೆ ಇಳಿಯುತ್ತೆ.

ಶೋಭಾ, ನಿವೃತ್ತ ಶಾಖಾ ಮ್ಯಾನೇಜರ್, ಕೋಲಾರ: ಮಹೇಶ್ ಹೇಳಿದ್ದು ಅರ್ಧ ಸರಿ. ರೆಪೊ ಏರಿದರೆ ಸಾಲ ದುಬಾರಿ, ಜನ ಖರ್ಚು ತಗ್ಗಿಸ್ತಾರೆ. ಆದರೆ ಎಪಿಎಂಸಿಗೆ ಮಾಲೇ ಬರದೆ ಬೆಲೆ ಏರಿದರೆ ಬಡ್ಡಿ ಏನು ಮಾಡೀತು? 2023ರ ಜುಲೈಯಲ್ಲಿ ತರಕಾರಿ, ಅದರಲ್ಲೂ ಟೊಮೆಟೊ ಬೆಲೆಯಿಂದ ಚಿಲ್ಲರೆ ಹಣದುಬ್ಬರ 7.44%ಗೆ ಹೋಯಿತು. ಆರ್‌ಬಿಐ ಗುರಿ 4%, ಮೇಲಿನ ಮಿತಿ 6%. ಆದರೂ ಆಗಸ್ಟ್‌ನಲ್ಲೂ ಅಕ್ಟೋಬರ್‌ನಲ್ಲೂ ರೆಪೊ 6.5%ನಲ್ಲೇ ಉಳಿಯಿತು. ಹೊಸ ಬೆಳೆ ಬಂದರೆ ಟೊಮೆಟೊ ತಾನೇ ಇಳಿಯುತ್ತೆ, ಅಲ್ವಾ?

ಇಷ್ಟು ಹೇಳಿದ ಮೇಲೆ "ಹಾಗಾದರೆ ಆರ್‌ಬಿಐ ಸುಮ್ನೆ ಕೂರಬೇಕಾ?" ಅಂತ ಖಂಡಿತ ಕೆಣಕ್ತಾರೆ. ನಿಜವಾದ ಪರೀಕ್ಷೆ ಅಲ್ಲಿದೆ. ತರಕಾರಿ ಬೆಲೆ ಹೋಟೆಲ್ ಊಟಕ್ಕೆ, ಕೂಲಿಗೆ ಹಬ್ಬಿ ಅಲ್ಲೇ ನಿಂತರೆ ಆಗ ದರ ಏರಿಸಬೇಕಾಗುತ್ತೆ ಅನ್ನಿ. ಈಗಿನ ರೆಪೊ ಎಷ್ಟು ಅಂತ ಕೇಳಿದಾಗ ನೆನಪಿಲ್ಲದಿದ್ದರೆ "ನೆನಪಾಗ್ತಿಲ್ಲ ಸರ್" ಅಂದುಬಿಡಿ. ಊಹೆಯ ಅಂಕಿ ಕೊಟ್ಟರೆ ಮುಂದಿನ ಪ್ರಶ್ನೆ ಅದರ ಮೇಲೇ ಬರುತ್ತೆ.

ಲಕ್ಷ್ಮಿ, ಮಾಲೂರು: ಮೇಡಂ, ನಾನು ಐಬಿಪಿಎಸ್ ಕ್ಲರ್ಕ್ ಬರೆದಿದ್ದೀನಿ. ನನಗೂ ಇದೇ ಪ್ರಶ್ನೆ ಬರುತ್ತಾ?

ಶೋಭಾ: ಇಲ್ಲಮ್ಮ, ಅದಕ್ಕೆ ಇಂಟರ್‌ವ್ಯೂ ಇಲ್ಲ. ಕನ್ನಡ ಓದಿ, ಬರೆದು, ಮಾತಾಡಲು ಬರಬೇಕು ಅಷ್ಟೆ.

ಚೇತನ್, ಎಫ್‌ಡಿ ಪ್ರಶ್ನೆಗೆ "ನಿಯಮದಂತೆ ಮುರಿದು ಕೊಡ್ತೀನಿ" ಅಂದರೆ ಸಾಲದು, "ಕೊಡಲ್ಲ" ಅಂದರೂ ತಪ್ಪು. ಹಣ ಅವರದು. ಅವರನ್ನು ಒಳಗೆ ಕೂರಿಸಿ, ನೀರು ಕೊಡಿ. ಫೋನ್ ಕಿವಿಯಲ್ಲೇ ಇದೆಯಾ, ಆ ಕಡೆಯವರು "ಯಾರಿಗೂ ಹೇಳಬೇಡಿ" ಅಂದಿದ್ದಾರಾ ನೋಡಿ. ಹಾಗಿದ್ದರೆ ಅದು ಡಿಜಿಟಲ್ ಅರೆಸ್ಟ್ ಮೋಸ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ ಅಂತ ಬಿಡಿಸಿ ಹೇಳಿ, ಮ್ಯಾನೇಜರ್‌ಗೆ ತಿಳಿಸಿ, ಮಕ್ಕಳಿಗೆ ಫೋನ್ ಮಾಡಿಸಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಬೇಕು.

ನಾಗರಾಜ್, ಬ್ಯಾಂಕ್ ಉದ್ಯೋಗಿ: ಮೇಡಂ, ಇಷ್ಟೆಲ್ಲ ಹೇಳಿದರೂ ಅವರು "ನನ್ನ ದುಡ್ಡು, ಕಳಿಸಿ" ಅಂತ ಹಟ ಹಿಡಿದರೆ? ನಮ್ಮ ಕೌಂಟರ್‌ನಲ್ಲಿ ಹೀಗಾಗಿದೆ.

ಶೋಭಾ: ನಾನಾದರೆ ಪೊಲೀಸರಿಗೆ ತಿಳಿಸಿ, ಅವರು ಬರುವವರೆಗೂ ಮಾತಿನಲ್ಲೇ ಹಿಡಿದಿಡ್ತೀನಿ.

ನಾಗರಾಜ್: ಆಮೇಲೆ ಅದು ನಿಜವಾಗ್ಲೂ ಆಸ್ಪತ್ರೆ ಖರ್ಚು ಅಂತ ಗೊತ್ತಾದರೆ ದೂರು ನಮ್ಮ ಮೇಲೇ ಬರುತ್ತೆ. ನಾನಂತೂ ಬರಹದಲ್ಲಿ ಒಪ್ಪಿಗೆ ತಗೊಂಡು ಕಳಿಸ್ತೀನಿ.