ಮಾರ್ಚ್ ಎಣಿಕೆ ಮುಗಿಸಿದ ಮೇಲೆ ಸಿಗದ 45,000 ರೂಪಾಯಿಯ ಸರಕು

ಕೇಳಿದವರು (ಹಾಸನ ಕಡೆಯ ದಿನಸಿ ಅಂಗಡಿ): ಅಪ್ಪನ ಅಂಗಡಿ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಮಾತ್ರ ಸ್ಟಾಕ್ ಎಣಿಸುತ್ತೇವೆ. ಆರಂಭದ ಸ್ಟಾಕ್ 6 ಲಕ್ಷ, ಖರೀದಿ 24 ಲಕ್ಷ, ಮಾರಾಟ 30 ಲಕ್ಷ. ಎಣಿಸಿದಾಗ 4,95,000 ರೂಪಾಯಿಯ ಸರಕು ಸಿಕ್ಕಿತು. ಹೋದ ವರ್ಷ ಮಾರಾಟದ ಮೇಲೆ ಶೇ. 18 ಉಳಿದಿತ್ತು, ಈ ಸಲ 16.5. ಅಪ್ಪನಿಗೆ ಕೆಲಸದ ಹುಡುಗರ ಮೇಲೆ ಅನುಮಾನ. ಪರ್ಪೆಚುಯಲ್ ಸ್ಟಾಕ್ ಶುರು ಮಾಡಿದರೆ ಇದು ಗೊತ್ತಾಗುತ್ತಾ? ಅನುಭವ ಇದ್ದವರು ಹೇಳಿ.

ಮೈಸೂರಿನ ಮಿನಿ ಮಾರ್ಕೆಟ್ ಮಾಲೀಕರು: ಖಂಡಿತ ಶುರು ಮಾಡಿ. ನಾನು ಮೂರು ವರ್ಷದಿಂದ ಬಾರ್‌ಕೋಡ್ ಬಿಲ್ಲಿಂಗ್ ಇಟ್ಟಿದ್ದೇನೆ. ಬಿಲ್ ಹೊಡೆದ ತಕ್ಷಣ ಸ್ಟಾಕ್ ಕಡಿಮೆ ಆಗುತ್ತೆ, ಖರೀದಿ ಎಂಟ್ರಿ ಆದ ತಕ್ಷಣ ಏರುತ್ತೆ. ಯಾವ ಗಳಿಗೆಯಲ್ಲಿ ಕೇಳಿದರೂ ಎಷ್ಟಿದೆ ಅಂತ ತೋರಿಸುತ್ತೆ. ಆಮೇಲೆ ಎಣಿಸೋ ತಲೆನೋವೇ ಇಲ್ಲ. ಕ್ಯಾಮೆರಾನೂ ಒಂದು ಹಾಕಿಸಿ, ಹುಡುಗರು ಸರಿ ಹೋಗ್ತಾರೆ.

ಶಿವಮೊಗ್ಗದಲ್ಲಿ ಅಂಗಡಿಗಳ ಲೆಕ್ಕ ಬರೆಯುವವರು: ಮೈಸೂರಿನ ಅಣ್ಣ ಹೇಳಿದ್ದರಲ್ಲಿ ಮೊದಲರ್ಧ ಸರಿ. ಎಣಿಕೆ ಬೇಡ ಅನ್ನೋದು ಮಾತ್ರ ತಪ್ಪು. ಕಂಪ್ಯೂಟರ್ ತೋರಿಸೋದು ಕಪಾಟಿನಲ್ಲಿ ಎಷ್ಟು ಇರಬೇಕು ಅನ್ನೋದನ್ನ. ಎಷ್ಟು ಇದೆ ಅಂತ ಎಣಿಸಿದರೆ ಮಾತ್ರ ಗೊತ್ತು. ಕೊರತೆ ಅಂದರೆ ಈ ಎರಡರ ನಡುವಿನ ವ್ಯತ್ಯಾಸ. ಒಂದನ್ನು ಬಿಟ್ಟರೆ ಇನ್ನೊಂದರಿಂದ ಕೊರತೆ ಕಾಣೋದೇ ಇಲ್ಲ.

ಈಗ ಹಾಸನದವರ ಲೆಕ್ಕಕ್ಕೆ ಬರೋಣ. ನಿಮ್ಮದು ಪೀರಿಯಾಡಿಕ್ ಪದ್ಧತಿ. ಆರಂಭದ 6 ಲಕ್ಷಕ್ಕೆ ಖರೀದಿ 24 ಲಕ್ಷ ಸೇರಿಸಿ, ಎಣಿಸಿದ 4,95,000 ಕಳೆದರೆ 25,05,000. ಇದಿಷ್ಟೂ "ಮಾರಿದ ಸರಕಿನ ಅಸಲು" ಅಂತ ಪುಸ್ತಕದಲ್ಲಿ ಕೂರುತ್ತೆ. ಆದರೆ ಅದರಲ್ಲಿ ಮಾರಿದ್ದೂ ಇದೆ, ಇಲಿ ತಿಂದದ್ದೂ ಇದೆ, ಒಡೆದದ್ದೂ ಇದೆ, ಕಳುವಾಗಿದ್ದರೆ ಅದೂ ಇದೆ. ಎಲ್ಲ ಕಲಸಿಹೋಗಿರುತ್ತೆ. ಕೊರತೆ ಅಂತ ಬೇರೆ ಸಾಲೇ ಇರೋದಿಲ್ಲ. ಲಾಭ ಯಾಕೋ ಕಡಿಮೆ ಅಂತಷ್ಟೇ ತಿಳಿಯುತ್ತೆ.

ಶೇ. 18 ಉಳಿದಿದ್ದರೆ ಅಸಲು 24,60,000 ಆಗಬೇಕಿತ್ತು, ಸ್ಟಾಕ್ 5,40,000 ಇರಬೇಕಿತ್ತು. ಹಾಗಾಗಿ 45,000 ಕಡಿಮೆ ಅಂತೀರಿ. ಆದರೆ ಆ 18 ಹೋದ ವರ್ಷದ್ದು, ಅಲ್ವಾ? ಈ ವರ್ಷ 3 ಲಕ್ಷದಷ್ಟು ವ್ಯಾಪಾರ ಶೇ. 20 ಉಳಿಯುವ ಸಾಮಾನಿನಿಂದ ಶೇ. 5 ಮಾತ್ರ ಉಳಿಯುವ ಸಕ್ಕರೆ, ಎಣ್ಣೆಗೆ ತಿರುಗಿತು ಅಂದುಕೊಳ್ಳಿ. ಅಷ್ಟರಲ್ಲೇ 45,000 ಲಾಭ ಕಡಿಮೆ ಆಗುತ್ತೆ. ಒಂದು ಕಾಳೂ ಕಳೆದುಹೋಗಿರೋದಿಲ್ಲ. ಇದಕ್ಕೇ ಹೇಳ್ತೀನಿ, ಈ ಲೆಕ್ಕ ಹಿಡಿದು ಹುಡುಗರನ್ನ ಕೇಳಬೇಡಿ. ಹೀಗೆ ಅನುಮಾನಪಟ್ಟು ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡ ಅಂಗಡಿ ನಾನು ನೋಡಿದ್ದೇನೆ. ನನಗೆ ಈಗಲೂ ಬೇಜಾರಿದೆ.

ಮೊದಲು ಎರಡು ವಿಷಯ ನೋಡಿ. ಮಾರ್ಚ್ ಕೊನೆಯಲ್ಲಿ ಬಿಲ್ ಬಂದು, ಮಾಲು ಏಪ್ರಿಲ್‌ನಲ್ಲಿ ಇಳಿದದ್ದು ಇದೆಯಾ? ಮನೆಗೆ ಒಯ್ದ ದಿನಸಿ ಎಲ್ಲಾದರೂ ಬರೆದಿದ್ದೀರಾ?

ಹುಬ್ಬಳ್ಳಿಯ ಮೆಡಿಕಲ್ ಶಾಪ್‌ನವರು: ನಾವೂ ಪೀರಿಯಾಡಿಕ್ಕೇ. ಮೂರು ತಿಂಗಳಿಗೊಮ್ಮೆ ಎಕ್ಸ್‌ಪೈರಿ ಮಾತ್ರೆ ತೆಗೆದು ಏಜೆನ್ಸಿಗೆ ವಾಪಸ್ ಕಳಿಸ್ತೀವಿ. ಒಂದು ಸಲ ಕಳಿಸಿದ್ದನ್ನ ಪುಸ್ತಕಕ್ಕೆ ಹಾಕೋದು ಮರೆತು, ಪೆಟ್ಟಿಗೆಗಟ್ಟಲೆ ಔಷಧ ಕಡಿಮೆ ಅಂತ ಎರಡು ದಿನ ಹುಡುಕಿದ್ವಿ. ನೀವೂ ಎಕ್ಸ್‌ಪೈರಿ ನೋಡಿ.

ಶಿವಮೊಗ್ಗದವರು: ಅಕ್ಕಾ, ಇವರು ಕೇಳಿದ ಪೀರಿಯಾಡಿಕ್ ಬೇರೆ. ನಿಮ್ಮದು ಎಕ್ಸ್‌ಪೈರಿ ತಪಾಸಣೆ. ಬಿಲ್ ಹೊಡೆದಾಗೆಲ್ಲ ಸ್ಟಾಕ್ ಇಳಿಯುತ್ತಿದ್ದರೆ, ನೀವು ಯಾವಾಗ ಎಣಿಸಿದರೂ ಅದು ಪರ್ಪೆಚುಯಲ್ಲೇ. ಆದರೆ ವಾಪಸ್ ಕಳಿಸಿದ ಮಾಲಿನ ಎಂಟ್ರಿ ಬಿಟ್ಟುಹೋಗೋದು ದಿನಸಿ ಅಂಗಡಿಯಲ್ಲೂ ಆಗುತ್ತೆ, ಅದನ್ನೂ ನೋಡಲಿ.

ಕೇಳಿದವರು: ನೋಡಿದೆ ಸರ್. ಮಾರ್ಚ್ 30ರ ಎಣ್ಣೆ ಬಿಲ್ 18,400 ಖರೀದಿಗೆ ಸೇರಿದೆ, ಲಾರಿ ಬಂದದ್ದು ಏಪ್ರಿಲ್ 2ಕ್ಕೆ. ಮನೆಗೆ ತಿಂಗಳಿಗೆ ಸುಮಾರು 1,500ರ ದಿನಸಿ ಹೋಗುತ್ತೆ ಅಂತ ಅಮ್ಮ ಹೇಳಿದರು, ಈ ವರ್ಷ ಯಾರೂ ಬರೆದಿಲ್ಲ. ಹೋದ ವರ್ಷ ಅಪ್ಪ ಬರೀತಿದ್ರಂತೆ.

ಶಿವಮೊಗ್ಗದವರು: ಹಾಗಿದ್ದರೆ 18,400 ದಾರಿಯಲ್ಲಿದ್ದ ಮಾಲು, 18,000 ಮನೆಯದು. ಉಳಿದದ್ದು 8,600. ಅದೂ ಕಳ್ಳತನ ಅಂತ ಅಲ್ಲ, ಲೆಕ್ಕ ಸಿಗದ ಬಾಕಿ ಅಷ್ಟೇ. ಮನೆಗೆ ಹೋದದ್ದನ್ನ ಅಸಲಿನ ಬೆಲೆಗೆ ಅಪ್ಪನ ಖಾತೆಗೆ ಬರೆಯಿರಿ.

ಬೆಂಗಳೂರಿನ ಗೋದಾಮೊಂದರಲ್ಲಿ ಸ್ಟಾಕ್ ನೋಡುವವರು: ಪರ್ಪೆಚುಯಲ್ ಇದ್ದರೆ ಸಾಮಾನು ಸಾಮಾನಾಗಿ ನೋಡಬಹುದು, ಅದೇ ದೊಡ್ಡ ಲಾಭ. ಒಂದು ಕಂಪನಿಯ ಒಂದು ಲೀಟರ್ ಎಣ್ಣೆ ಪ್ಯಾಕೆಟ್ 24 ಕಡಿಮೆ, ಪಕ್ಕದ ಕಂಪನಿಯದು 24 ಜಾಸ್ತಿ ಬಂದರೆ ಯಾರೂ ಕದ್ದಿಲ್ಲ. ಬಿಲ್ಲಿಂಗ್‌ನಲ್ಲಿ ಒಂದರ ಬದಲು ಇನ್ನೊಂದು ಹೊಡೆದಿರುತ್ತಾರೆ. ಕಡಿಮೆ ಬಂದದ್ದು ಸರಿಯಾಗಿ 49 ಆದರೆ, 50 ಕೆಜಿ ಮೂಟೆಯನ್ನು 1 ಅಂತ ಬಿಲ್‌ಗೆ ಹಾಕಿದ್ದಾರಾ ನೋಡಿ. ಬಿಡಿಯಾಗಿ ತೂಗುವ ಬೇಳೆಯಲ್ಲಿ ಮಾತ್ರ ಪ್ರತಿ ಎಣಿಕೆಯಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಬರುತ್ತಾ ಹೋಗುತ್ತೆ. ಅಲ್ಲಿ ತಕ್ಕಡಿ ನೋಡಿ, ಮೂಟೆ ಇಳಿಸುವಾಗ ಗೋಣಿಚೀಲದ ತೂಕ ಕಳೆದಿದ್ದೀರಾ ನೋಡಿ. ಸಪ್ಲೈಯರ್ ಬಿಲ್ ನೋಡಿ ಎಂಟ್ರಿ ಹಾಕಿ ಮಾಲು ಎಣಿಸದಿದ್ದರೆ, ಅವರು ಕಡಿಮೆ ಕೊಟ್ಟದ್ದೂ ನಿಮ್ಮ ಕೊರತೆಯಾಗಿಯೇ ಕಾಣುತ್ತೆ.

ಎಣಿಸುವವರ ಕೈಗೆ ಕಂಪ್ಯೂಟರ್‌ನ ಸಂಖ್ಯೆ ಕೊಡಬೇಡಿ. ಕೊಟ್ಟರೆ ಕಣ್ಣು ಅದನ್ನೇ ಹುಡುಕುತ್ತೆ. ಖಾಲಿ ಹಾಳೆ ಕೊಡಿ, ಬಿಲ್ಲಿಂಗ್ ನಿಲ್ಲಿಸಿ, ವ್ಯತ್ಯಾಸ ಬಂದದ್ದನ್ನ ಬೇರೆಯವರಿಂದ ಮತ್ತೆ ಎಣಿಸಿ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಎಣ್ಣೆ, ಬೇಳೆ, ತುಪ್ಪ, ಡ್ರೈ ಫ್ರೂಟ್ಸ್ ವಾರ ವಾರ, ಉಳಿದದ್ದು ನಿಧಾನಕ್ಕೆ.

ಮೈಸೂರಿನವರು: ನಿನ್ನೆ ರಾತ್ರಿ ತುಪ್ಪ ಒಂದನ್ನೇ ಎಣಿಸಿದೆ. ಕಂಪ್ಯೂಟರ್‌ನಲ್ಲಿ 61 ಬಾಟಲ್, ಕಪಾಟಿನಲ್ಲಿ 52. ಎಣಿಕೆ ಬೇಡ ಅಂದದ್ದನ್ನ ವಾಪಸ್ ತಗೋತೀನಿ. ಟ್ಯಾಲಿಯಲ್ಲಿ ಇದನ್ನ ಸರಿ ಮಾಡೋದು ಹೇಗೆ?

ಶಿವಮೊಗ್ಗದವರು: `Physical Stock` ವೋಚರ್‌ನಲ್ಲಿ 52 ಅಂತ ಹಾಕಿದರೆ ಸಂಖ್ಯೆ ಸರಿಯಾಗುತ್ತೆ. ಆದರೆ ನಷ್ಟದ ಖಾತೆಗೆ ಏನೂ ಹೋಗೋದಿಲ್ಲ. ಮುಕ್ತಾಯದ ಸ್ಟಾಕಿನ ಬೆಲೆ ಇಳಿದು, 9 ಬಾಟಲ್ ಸುಮ್ನೆ ಒಟ್ಟು ಲಾಭದಲ್ಲಿ ಕರಗುತ್ತೆ. ಪರ್ಪೆಚುಯಲ್ ಇಟ್ಟೂ ಪೀರಿಯಾಡಿಕ್‌ನ ಕತೆಯೇ ಆಯ್ತು. ಅದಕ್ಕೇ ನಾನು ಪ್ರತಿ ಎಣಿಕೆಯ ವ್ಯತ್ಯಾಸವನ್ನ ದಿನಾಂಕ, ಸಾಮಾನು, ಕಾರಣ ಬರೆದು ಬೇರೆ ಪುಸ್ತಕದಲ್ಲಿ ಇಡಿಸ್ತೀನಿ. ಸಂಖ್ಯೆ ತಿದ್ದೋದು ಕಾರಣ ಹುಡುಕಿದ ಮೇಲೆ.

ಜಿಎಸ್‌ಟಿಗೂ ಆ ಪುಸ್ತಕ ಬೇಕು. ಕಳೆದುಹೋದ, ಕಳುವಾದ, ಹಾಳಾದ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆಯನ್ನು ವಾಪಸ್ ಕಟ್ಟಬೇಕು, ಸೆಕ್ಷನ್ 17(5)(h). ಯಾವ ಸಾಮಾನು ಅಂತ ಗೊತ್ತಿಲ್ಲದಿದ್ದರೆ ಯಾವ ದರದಲ್ಲಿ ಕಟ್ಟುತ್ತೀರಿ? ಕಾಂಪೋಸಿಷನ್‌ನಲ್ಲಿ ಇರುವವರಿಗೆ ಇನ್‌ಪುಟ್ಟೇ ಇಲ್ಲ, ಈ ಮಾತು ಅವರಿಗಲ್ಲ.

ಬೆಂಗಳೂರಿನವರು: ಬೇಳೆ ಒಣಗಿ ತೂಕ ಇಳಿದರೆ? ಅದು ಕಳೆದುಹೋದದ್ದು ಅಂತ ಲೆಕ್ಕಾನಾ?

ಶಿವಮೊಗ್ಗದವರು: ಅದು ಸಹಜವಾಗಿ ಆಗೋದು, ಕಳೆದದ್ದಲ್ಲ ಅಂತ ನನ್ನ ವಾದ. ನಮ್ಮ ಆಡಿಟರ್ ಒಪ್ಪೋದಿಲ್ಲ, ತೂಕ ಇಳಿದದ್ದಕ್ಕೆ ದಾಖಲೆ ತೋರಿಸಿ ಅಂತಾರೆ. ನಿಮ್ಮ ನಿಮ್ಮ ಆಡಿಟರ್ ಹತ್ತಿರ ಕೇಳಿ.

ಕೇಳಿದವರು: ಅಪ್ಪನಿಗೆ ಇಡೀ ಲೆಕ್ಕ ತೋರಿಸಿದೆ. ಹುಡುಗರ ವಿಷಯ ಬಿಟ್ಟರು. ಇದೇ ಭಾನುವಾರ ಅಂಗಡಿ ಮುಚ್ಚಿ ಎಣ್ಣೆ, ಬೇಳೆ ಎಣಿಸುತ್ತೇವೆ, ಆ ಸಂಖ್ಯೆಯಿಂದಲೇ ಕಂಪ್ಯೂಟರ್‌ನಲ್ಲಿ ಸ್ಟಾಕ್ ಶುರು. ಆ 8,600 ಎಲ್ಲಿ ಹೋಯ್ತು ಅಂತ ಇನ್ನೂ ಗೊತ್ತಾಗಿಲ್ಲ.