‘ಏರುಪೇರು’ ಸರಿಯೇ, ‘ತಾಳ ತಪ್ಪಿದೆ’ ಸರಿಯೇ?

ಡೊಂಬಿವಲಿಯಿಂದ:
ನಮ್ಮಪ್ಪನಿಗೆ 71 ವರ್ಷ. ಮೊನ್ನೆ ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಅವರ ಆಪಲ್ ವಾಚಿನಲ್ಲಿ Irregular Rhythm ಅಂತ ಬಂತು. ಏನಿದು ಅಂತ ಕೇಳಿದರು. ‘ಎದೆಬಡಿತದಲ್ಲಿ ಏರುಪೇರು ಇದೆ’ ಅಂದೆ. ‘ಬೆಳಿಗ್ಗೆ ಮೂರು ಮಹಡಿ ಹತ್ತಿದ್ದೆ, ಏರದೇ ಇರುತ್ತಾ?’ ಅಂತ ಬಿಟ್ಟೇಬಿಟ್ಟರು. ನನ್ನ ಪದವೇ ದಾರಿ ತಪ್ಪಿಸಿತು ಅನಿಸುತ್ತಿದೆ. ಬೇರೆ ಪದ ಇದೆಯೇ?

ಪುಣೆಯಿಂದ:
‘ಏರುಪೇರು’ ಸರಿಯಾಗಿಯೇ ಇದೆ. 72 ಇದ್ದದ್ದು 120 ಆದರೆ ಏರುಪೇರೇ ಅಲ್ವಾ?

ಠಾಣೆಯಿಂದ:
ನನ್ನ ವಾಚಿನಲ್ಲಿ Sinus Rhythm ಅಂತ ಬಂದಿತ್ತು. ನನಗೆ ಮೊದಲಿಂದಲೂ ಮೂಗು ಕಟ್ಟುತ್ತದೆ. ಅದಕ್ಕೇ ಇರಬೇಕು ಅಂತ ಮೂಗಿನ ಡಾಕ್ಟರ ಹತ್ತಿರ ಹೋಗಿದ್ದೆ. ಅದಕ್ಕೂ ಒಂದು ಪದ ಹುಡುಕಿ.

ಮಾಟುಂಗಾದಿಂದ:
ಆಸ್ಪತ್ರೆಯಲ್ಲಿ ಬಹಳ ವರ್ಷ ಇಸಿಜಿ ತೆಗೆದವಳು ನಾನು. 72 ಇದ್ದದ್ದು 120 ಆದರೆ ಅದು ವೇಗ. ಮೆಟ್ಟಿಲು ಹತ್ತಿದಾಗ ಬಡಿತ ಜೋರಾಗುತ್ತದೆ, ಆದರೂ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇಲ್ಲಿ ಆ ಅಂತರವೇ ಅಡ್ಡಾದಿಡ್ಡಿ. ಹಾಗಾಗಿ ‘ತಾಳ ತಪ್ಪಿದೆ’ ಅನ್ನಿ. ಆ ವಾಚು ಒಂದೇ ಸಲ ನೋಡಿ ಹೀಗೆ ಹೇಳುವುದಿಲ್ಲ. ನೀವು ಅಲುಗಾಡದೆ ಇದ್ದಾಗ ನೋಡುತ್ತದೆ. ಸಾಲಾಗಿ 6 ಸಲ ನೋಡಿದ್ದರಲ್ಲಿ 5 ಸಲ ತಾಳ ತಪ್ಪಿದ್ದರೆ ಮಾತ್ರ ಎಚ್ಚರಿಸುತ್ತದೆ. ಮೆಟ್ಟಿಲಿನ ನೆಪ ನಡೆಯದು.

ಅಪ್ಪನವರನ್ನು ಕೂರಿಸಿ, ಕೈ ಮೇಜಿನ ಮೇಲೆ ಇಡಿಸಿ, ವಾಚಿನಲ್ಲಿ ಇಸಿಜಿ ಆಪ್ ತೆರೆದು, ಇನ್ನೊಂದು ಕೈಯ ಬೆರಳನ್ನು ವಾಚಿನ ಗುಂಡಿಯ ಮೇಲೆ 30 ಸೆಕೆಂಡು ಇಡಿಸಿ. ಬಂದ ಗೆರೆಯನ್ನು ಪಿಡಿಎಫ್ ಮಾಡಿ ಡಾಕ್ಟರಿಗೆ ತೋರಿಸಿ. ಈಗ Sinus Rhythm ಬಂದರೂ ತೋರಿಸಿ. ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿ ಸಮವಾಗಿದೆ ಅಂತ ಅದರ ಅರ್ಥ, ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದು ಆ 30 ಸೆಕೆಂಡಿನ ಮಾತು ಅಷ್ಟೇ. ಈ ತಾಳ ತಪ್ಪುವುದು ಬಂದು ಹೋಗುತ್ತಿರುತ್ತದೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಬರೀ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಆಗಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಎದೆನೋವು, ಉಸಿರುಗಟ್ಟುವುದು, ಎಚ್ಚರ ತಪ್ಪುವುದು, ಬಾಯಿ ಸೊಟ್ಟಗಾಗುವುದು ಇದ್ದರೆ ಮಾತ್ರ ವಾಚು ನೋಡುತ್ತಾ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಹಾರ್ಟ್ ಅಟ್ಯಾಕ್ ಅದಕ್ಕೆ ತಿಳಿಯುವುದಿಲ್ಲ.

ಡೊಂಬಿವಲಿಯಿಂದ ಮತ್ತೆ:
ಅಪ್ಪ ಭಜನೆಗೆ ತಬಲಾ ನುಡಿಸುತ್ತಿದ್ದವರು. ‘ತಾಳ ತಪ್ಪಿದೆ’ ಅಂದ ಕೂಡಲೇ ಎದ್ದು ಚಪ್ಪಲಿ ಹಾಕಿಕೊಂಡರು. ಡಾಕ್ಟರು ತೆಗೆದ ಇಸಿಜಿಯಲ್ಲಿ ಎಲ್ಲ ಸಮ ಇತ್ತು. ಆದರೂ ವಾಚಿನ ಗೆರೆ ನೋಡಿ 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿ ಕಳಿಸಿದ್ದಾರೆ. ಇನ್ನೊಂದು ಪದ ಉಳಿದಿದೆ. ಒಂದು ಸಲ Inconclusive ಅಂತಲೂ ಬಂತು. ‘ನಿರ್ಣಯವಿಲ್ಲ’ ಅಂದರೆ ಅಪ್ಪ ‘ಏನೂ ಇಲ್ಲ’ ಅಂತ ತಿಳಿಯುತ್ತಾರೆ. ‘ಗೊತ್ತಾಗಲಿಲ್ಲ, ಇನ್ನೊಮ್ಮೆ ತೆಗಿ’ ಅಂತ ಅರ್ಥ ಕೊಡುವ ಒಂದೇ ಪದ ಯಾರಿಗಾದರೂ ಹೊಳೆಯುತ್ತಿದೆಯೇ?