L ಇರುವುದು ಒಡಿಶಾದ ಹತ್ತಿರ, ಮಳೆ ಬಂದದ್ದು ನಮ್ಮ ತೋಟಕ್ಕೆ: ನಕ್ಷೆಯನ್ನು ಎಲ್ಲಿ ತಪ್ಪಾಗಿ ಓದಿದೆ?

ಪೆರ್ಲದ ತೋಟ

ಅಡಿಕೆಗೆ ಎರಡನೇ ಸಲದ ಮದ್ದು ಬಿಡಲು ಹೊಳವಿಗಾಗಿ ಕಾಯುತ್ತಿದ್ದೆ. ಈ ವರ್ಷ ಹವಾಮಾನ ನಕ್ಷೆಯನ್ನು ನಾನೇ ಓದಿ ದಿನ ಗೊತ್ತು ಮಾಡೋಣ ಎಂದು ಹೊರಟವನು ನಷ್ಟ ಮಾಡಿಕೊಂಡೆ. 200 ಲೀಟರಿನ ಮೂರು ಡ್ರಮ್ ಬೋರ್ಡೋ ದ್ರಾವಣ ಬಿಟ್ಟು ಮುಗಿಸಿದ ಎರಡು ಗಂಟೆಯೊಳಗೆ ಮಳೆ ಹಿಡಿಯಿತು. ಮದ್ದು ಗೊನೆಯ ಮೇಲೆ ಒಣಗುವ ಮೊದಲೇ ತೊಳೆದುಹೋಯಿತು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲವೂ ನೀರಿನಲ್ಲಿ ಹೋಮ.

ನಾನು ಓದಿದ ಬಗೆ ಹೀಗೆ. ನಕ್ಷೆಯಲ್ಲಿ ಒಡಿಶಾ ಕರಾವಳಿಯ ಹತ್ತಿರ ವಾಯುಭಾರ ಕುಸಿತದ ಗುರುತಾದ L ಎಂದು ಬರೆದು, ಅದರ ಕೆಳಗೆ 994 ಎಂದಿತ್ತು. ಅದು ನಮ್ಮಿಂದ ಸುಮಾರು 1400 ಕಿಲೋಮೀಟರ್ ದೂರ, ಹಾಗಾಗಿ ನಮಗೆ ಸಂಬಂಧವಿಲ್ಲ ಎಂದುಕೊಂಡೆ. ನಮ್ಮ ಊರಿನ ಹತ್ತಿರ ಒಂದು ಚುಕ್ಕಿ, ಅದರಿಂದ ಪಡುವಣಕ್ಕೆ ಸಮುದ್ರದ ಕಡೆಗೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಮೇಲ್ಮುಖವಾಗಿ ಎರಡು ಉದ್ದ ಗೆರೆ ಮತ್ತು ಒಂದು ಗಿಡ್ಡ ಗೆರೆ ಇದ್ದವು. ಗಾಳಿ ನೆಲದಿಂದ ಕಡಲಿಗೆ ಹೋಗುತ್ತಿದೆ, ಒಣ ಗಾಳಿ, ಮದ್ದು ಬಿಡಬಹುದು ಎಂದು ತೀರ್ಮಾನಿಸಿದೆ. ಉಳಿದ ಬಾಗುಗೆರೆಗಳು ಗಾಳಿ ಹೋಗುವ ದಾರಿ ಇರಬೇಕು ಎಂದು ಬಿಟ್ಟುಬಿಟ್ಟೆ. ಎಲ್ಲಿ ತಪ್ಪಿದೆ ಎಂದು ತಿಳಿದವರು ಹೇಳಬೇಕು. ಮೂರನೇ ಸಲಕ್ಕಾದರೂ ಎಡವಬಾರದು.

ಮುಳ್ಳೇರಿಯ ವಿದ್ಯಾರ್ಥಿ

ಅಣ್ಣ, ಆ ಬಾಗುಗೆರೆಗಳು ಗಾಳಿಯ ದಾರಿ ಅಲ್ಲ, ಸಮಭಾರ ರೇಖೆಗಳು. ಒಂದು ಗೆರೆಯ ಉದ್ದಕ್ಕೂ ವಾಯುಭಾರ ಒಂದೇ ಇರುತ್ತದೆ. ಗಾಳಿ ಹೆಚ್ಚು ಭಾರದ ಕಡೆಯಿಂದ ಕಡಿಮೆ ಭಾರದ ಕಡೆಗೆ, ಅಂದರೆ ಗೆರೆಗಳನ್ನು ನೇರವಾಗಿ ಕತ್ತರಿಸಿಕೊಂಡು L ಕಡೆಗೆ ಹೋಗುತ್ತದೆ. ನೀಲಿ ಹಲ್ಲುಗಳಿರುವ ಗೆರೆ ಏನಾದರೂ ಇತ್ತೇ? ಇದ್ದರೆ ಅದು ಶೀತ ಮುಖ, ಮಳೆ ತರುವುದು ಅದೇ.

ಮಂಜೇಶ್ವರದ ನಾವಿಕ

ನಾನು ಹಡಗಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ದಿನವೂ ಈ ನಕ್ಷೆಗಳನ್ನು ನೋಡಿಯೇ ದಾರಿ ನಿರ್ಧರಿಸುತ್ತಿದ್ದೆವು.

ವಿದ್ಯಾರ್ಥಿ ಹೇಳಿದ ಮೊದಲ ಮಾತು ಸರಿ, ಅವು ಸಮಭಾರ ರೇಖೆಗಳೇ. ಆದರೆ ಗಾಳಿ L ಕಡೆಗೆ ನೇರವಾಗಿ ಓಡುವುದಿಲ್ಲ. ಭೂಮಿ ತಿರುಗುವುದರಿಂದ ನಮ್ಮ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ ವಾಲುತ್ತದೆ, ಹಾಗಾಗಿ ಅದು L ಸುತ್ತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಾ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಯುತ್ತದೆ. ನೀಲಿ ಹಲ್ಲಿನ ಗೆರೆಗಳು ಯುರೋಪಿನಂಥ ತಂಪು ಪ್ರದೇಶಗಳ ನಕ್ಷೆಗಳಲ್ಲಿ ಬರುತ್ತವೆ. ನಮ್ಮ ಮುಂಗಾರಿನ ನಕ್ಷೆಯಲ್ಲಿ ಅವನ್ನು ಹುಡುಕಬೇಡಿ.

ಪೆರ್ಲದವರ ದೊಡ್ಡ ತಪ್ಪು ಕಡ್ಡಿಯಲ್ಲಿದೆ. ಬಿಲ್ಲಿನ ಬಾಣವನ್ನು ನೆನಪಿಸಿಕೊಳ್ಳಿ. ಗರಿ ಇರುವುದು ಬಾಣದ ಹಿಂಭಾಗದಲ್ಲಿ. ಇಲ್ಲಿಯೂ ಗರಿ ಇರುವ ತುದಿಯಿಂದ ಗಾಳಿ ಬಂದು ಚುಕ್ಕಿಯನ್ನು ತಲುಪುತ್ತದೆ. ನಿಮ್ಮ ನಕ್ಷೆಯಲ್ಲಿ ಗರಿ ಕಡಲ ಮೇಲಿತ್ತು, ಚುಕ್ಕಿ ಊರಿನ ಮೇಲಿತ್ತು. ಅಂದರೆ ಅರಬ್ಬಿ ಸಮುದ್ರದ ಗಾಳಿ ನೇರವಾಗಿ ನಿಮ್ಮ ತೋಟಕ್ಕೆ ನುಗ್ಗುತ್ತಿತ್ತು. ಉದ್ದ ಗರಿಗೆ 10 ನಾಟ್, ಗಿಡ್ಡ ಗರಿಗೆ 5. ಎರಡು ಉದ್ದ, ಒಂದು ಗಿಡ್ಡ ಸೇರಿ 25 ನಾಟ್, ಗಂಟೆಗೆ 46 ಕಿಲೋಮೀಟರ್. ನೀರು ಹೊತ್ತ ಆ ವೇಗದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದರೆ ಮಳೆ ಬಾರದೆ ಇರುತ್ತದೆಯೇ?

ಗರಿಗಳು ಮೇಲ್ಮುಖವಾಗಿದ್ದವು ಎಂದು ನೀವು ಗಮನಿಸಿದ್ದು ಒಳ್ಳೆಯದಾಯಿತು. ನಮ್ಮ ಕಡೆಯ ನಕ್ಷೆಗಳಲ್ಲಿ ಗರಿಗಳನ್ನು ಕಡಿಮೆ ಭಾರವಿರುವ ಬದಿಗೇ ಬರೆಯುತ್ತಾರೆ. ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಪಡುವಣ ಗಾಳಿಯಾದರೆ ನಿಮ್ಮ ಮುಖ ಮೂಡಣಕ್ಕೆ ಇರುತ್ತದೆ. ಎಡಗೈ ಚಾಚಿ ಸ್ವಲ್ಪ ಮುಂದಕ್ಕೆ ತನ್ನಿ. ಆ ಕೈ ಈಶಾನ್ಯವನ್ನು, ಅಂದರೆ ಒಡಿಶಾದ ಕಡೆಯನ್ನು ತೋರಿಸುತ್ತದೆ. L ಅಲ್ಲೇ ಇತ್ತಲ್ಲ? 1857ರಲ್ಲಿ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಹೇಳಿದ ಈ ನಿಯಮವನ್ನು ಹಡಗಿಗೆ ಸೇರಿದವರು ಮೊದಲೇ ಕಲಿಯುತ್ತಾರೆ.

ಇನ್ನು ಒಂದು ಕೆಲಸ ಮಾಡಿ. ಅದೇ ನಕ್ಷೆಯಲ್ಲಿ ಕಾಸರಗೋಡಿನಿಂದ ಕರಾವಳಿಗುಂಟ ಸೂರತ್ ವರೆಗೆ ಬೆರಳು ಎಳೆಯುತ್ತಾ, ಎಷ್ಟು ಗೆರೆ ದಾಟುತ್ತೀರಿ ಎಂದು ಎಣಿಸಿ ಹೇಳಿ. ಗೆರೆಗಳು ಕಡಲಲ್ಲಿ ನೇರವಾಗಿವೆಯೇ, ಬಾಗಿವೆಯೇ ಎಂಬುದನ್ನೂ ನೋಡಿ.

ಅಕ್ಕಲಕೋಟೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮೊಬೈಲಿನಲ್ಲಿ ವಾಯುಭಾರ ಅಳೆಯುವ ಸೌಲಭ್ಯವಿದೆ. ಇಲ್ಲಿ ಈಗ 953 ತೋರಿಸುತ್ತಿದೆ. ಒಡಿಶಾದ L ಹತ್ತಿರವೇ 994 ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ವಾಯುಭಾರ ಕುಸಿತ ಇರಬೇಕಲ್ಲ? ದಿನವೂ ಸಂಜೆ ನಾಲ್ಕರ ಹೊತ್ತಿಗೆ ಇನ್ನೂ ಇಳಿಯುತ್ತದೆ. ಆದರೆ ಒಂದು ಹನಿ ಮಳೆ ಇಲ್ಲ, ತೊಗರಿ ಒಣಗುತ್ತಿದೆ.

ನೀರ್ಚಾಲಿನ ಟೀಚರ್

ಅಕ್ಕಲಕೋಟೆಯವರೇ, ನಿಮ್ಮ ಯಂತ್ರ ಸರಿಯಾಗಿಯೇ ಇದೆ. ನಿಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ. ಒಂಬತ್ತು ಮೀಟರ್ ಮೇಲೇರಿದರೆ ಒಂದು ಹೆಕ್ಟೋಪಾಸ್ಕಲ್‌ನಷ್ಟು ಭಾರ ಇಳಿಯುತ್ತದೆ ಎಂದು ಲೆಕ್ಕ ಹಿಡಿಯಿರಿ. 953ಕ್ಕೆ 50 ಸೇರಿಸಿದರೆ 1003. ನಕ್ಷೆ ಬರೆಯುವವರು ಎಲ್ಲ ಊರುಗಳ ಅಂಕಿಯನ್ನೂ ಹೀಗೆ ಸಮುದ್ರಮಟ್ಟಕ್ಕೆ ಇಳಿಸಿಯೇ ಗೆರೆ ಎಳೆಯುತ್ತಾರೆ. ಇಲ್ಲದಿದ್ದರೆ ಘಟ್ಟದುದ್ದಕ್ಕೂ L ಬರೆಯಬೇಕಾಗುತ್ತಿತ್ತು. ಸಂಜೆ ನಾಲ್ಕಕ್ಕೆ ಇಳಿದು ರಾತ್ರಿ ಹತ್ತರ ಹೊತ್ತಿಗೆ ಏರುವುದು ನಮ್ಮ ಕಡೆಯಲ್ಲೆಲ್ಲ ನಿತ್ಯ ನಡೆಯುವ ಏರಿಳಿತ. ಇಂದಿನ ನಾಲ್ಕು ಗಂಟೆಯ ಅಂಕಿಯನ್ನು ನಿನ್ನೆಯ ನಾಲ್ಕು ಗಂಟೆಯದರೊಂದಿಗೆ ಹೋಲಿಸಿದರೆ ಮಾತ್ರ ನಿಜವಾದ ಕುಸಿತ ತಿಳಿಯುತ್ತದೆ.

ಪೆರ್ಲದವರು ಹೇಳಿದ ದಿನ ನನ್ನ ಮಳೆಮಾಪಕದಲ್ಲಿ ಮರುದಿನ ಬೆಳಗ್ಗೆ 8.30ಕ್ಕೆ 118 ಮಿಲಿಮೀಟರ್ ಇತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತಿ ಭಾರಿ ಮಳೆ.

ಪೆರ್ಲದ ತೋಟ

ಬಾಣದ ಗರಿ ಎಂದ ಮೇಲೆ ಎಲ್ಲವೂ ತಿರುಗಿ ಕಾಣುತ್ತಿದೆ.

ಎಣಿಸಿದೆ. ನಮ್ಮ ಊರಿನ ಸ್ವಲ್ಪ ಮೇಲೆಯೇ 1008 ಹೋಗುತ್ತದೆ. ಆಮೇಲೆ 1006, 1004, 1002, ಸೂರತ್ ಮುಟ್ಟುವಾಗ 1000. ಒಟ್ಟು ಐದು. ಗೆರೆಗಳು ಅರಬ್ಬಿ ಸಮುದ್ರದಲ್ಲಿ ಪಡುವಣದಿಂದ ನೇರವಾಗಿ ಬಂದು, ಕರಾವಳಿಗೆ ಸ್ವಲ್ಪ ದೂರವಿರುವಾಗ ತೆಂಕಣಕ್ಕೆ ಜೋತುಬಿದ್ದು, ನೆಲದ ಮೇಲೆ ಮತ್ತೆ ಮೇಲಕ್ಕೆ ಹೋಗುತ್ತವೆ. ಜೋತುಬಿದ್ದ ತಾಣಗಳನ್ನೆಲ್ಲ ಸೇರಿಸಿ ಕರಾವಳಿಗುಂಟ ಒಂದು ತುಂಡುಗೆರೆ ಎಳೆದಿದ್ದಾರೆ. ನಕ್ಷೆಯ ಮೂಲೆಯಲ್ಲಿ 12 UTC ಎಂದಿದೆ. ನಾನದನ್ನು ಮಧ್ಯಾಹ್ನ ಹನ್ನೆರಡು ಎಂದು ಓದಿದ್ದೆ.

ಮಂಜೇಶ್ವರದ ನಾವಿಕ

12 UTC ಎಂದರೆ ನಮ್ಮ ಸಂಜೆ 5.30. ಯಾವಾಗಲೂ ಐದೂವರೆ ಗಂಟೆ ಸೇರಿಸಿ.

ಉತ್ತರ ನಿಮ್ಮ ಎಣಿಕೆಯಲ್ಲೇ ಇದೆ. ಸಾವಿರ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಐದು ಗೆರೆ. ಗೆರೆಗಳು ಒತ್ತೊತ್ತಾದಷ್ಟು ಗಾಳಿ ಜೋರು. ಗುಡ್ಡದ ಇಳಿಜಾರು ಕಡಿದಾದಷ್ಟು ನೀರು ರಭಸವಾಗಿ ಇಳಿಯುವ ಹಾಗೆ. ಒಡಿಶಾದ L ಮಾಡಿದ್ದು ಇದನ್ನೇ. ತಾನು ಇದ್ದಲ್ಲೇ ಇದ್ದು ಬಡಗಣದ ಭಾರವನ್ನು ಇಳಿಸಿತು, ನಮ್ಮ ಕರಾವಳಿಯ ಇಳಿಜಾರು ಕಡಿದಾಯಿತು, ಕಡಲ ಗಾಳಿ ಬಿರುಸಾಯಿತು. L ನಿಮ್ಮ ನೆತ್ತಿಯ ಮೇಲೆ ಬರಬೇಕಾಗಿಯೇ ಇಲ್ಲ. ಅದು ಒಳನಾಡಿನಲ್ಲಿ ವಾಯವ್ಯಕ್ಕೆ, ಮಧ್ಯಪ್ರದೇಶದ ಕಡೆಗೆ ಸರಿಯುವಾಗಲೂ ನಮ್ಮಲ್ಲಿ ಮಳೆ ಮುಂದುವರಿಯುವುದು ಇದರಿಂದಲೇ.

ಆ ತುಂಡುಗೆರೆ ಕರಾವಳಿಯ ಟ್ರಫ್. ಮಲಯಾಳ ವಾರ್ತೆಯಲ್ಲಿ ನ್ಯೂನಮರ್ದ ಪಾತ್ತಿ ಎನ್ನುತ್ತಾರಲ್ಲ, ಅದೇ. ತೋಟದಲ್ಲಿ ನೀರು ಹಾಯಿಸುವ ಅಡಿಕೆ ದಂಬೆಯ ಆಕಾರದಲ್ಲಿ, ಎರಡು ಬದಿಗಿಂತ ನಡುವೆ ಭಾರ ಕಡಿಮೆ. ಗುಜರಾತ್ ಕರಾವಳಿಯಿಂದ ಕೇರಳ ಕರಾವಳಿಯವರೆಗೆ ಈ ದಂಬೆ ಇದ್ದ ದಿನ ನಾನಾದರೆ ಮೈಲುತುತ್ತು ಕರಗಿಸುವುದಿಲ್ಲ.

ಮುಳ್ಳೇರಿಯ ವಿದ್ಯಾರ್ಥಿ

ಒಂದು ಸಂಶಯ. ಗಾಳಿ ಸಮಭಾರ ರೇಖೆಗೆ ಸಮಾಂತರವಾಗಿ ಬೀಸುತ್ತದೆ ಎಂದು ಪಾಠದಲ್ಲಿದೆ. ಆದರೆ ಇದೇ ನಕ್ಷೆಯಲ್ಲಿ ಕೇರಳದ ಹತ್ತಿರದ ಕಡ್ಡಿಗಳು ಗೆರೆಯನ್ನು ಸಾಕಷ್ಟು ಓರೆಯಾಗಿ ಕತ್ತರಿಸುತ್ತವೆ.

ಮಂಜೇಶ್ವರದ ನಾವಿಕ

ಚೆನ್ನಾಗಿ ನೋಡಿದ್ದೀರಿ. ಗಾಳಿಯನ್ನು ಬಲಕ್ಕೆ ವಾಲಿಸುವ ಬಲ ಧ್ರುವದ ಕಡೆಗೆ ಹೆಚ್ಚು, ಸಮಭಾಜಕದ ಕಡೆಗೆ ಕಡಿಮೆ. ನಾವಿರುವುದು ಹನ್ನೆರಡೂವರೆ ಡಿಗ್ರಿಯಲ್ಲಿ. ಜೊತೆಗೆ ನೆಲದ ಒರಟು ಗಾಳಿಯನ್ನು ತಡೆದು ನಿಧಾನಿಸುತ್ತದೆ. ಹಾಗಾಗಿ ಇಲ್ಲಿ ಗೆರೆಯಿಂದ ಗಾಳಿಯ ದಿಕ್ಕನ್ನು ಊಹಿಸುವ ಬದಲು ಕಡ್ಡಿಯನ್ನೇ ನಂಬಿ. ಗೆರೆಯಿಂದ ಜೋರು ಎಷ್ಟು ಎಂಬುದನ್ನು ಅಂದಾಜಿಸಿ. ಸುಮಾರು 1500 ಮೀಟರ್ ಎತ್ತರದ ಗಾಳಿಯ ನಕ್ಷೆಯಲ್ಲಿ ಬಾಣದ ತಲೆ ಇರುವ ಉದ್ದ ಗೆರೆಗಳಿರುತ್ತವೆ. ಅವು ನಿಜವಾಗಿಯೂ ಗಾಳಿಯ ದಾರಿ. ಪೆರ್ಲದವರು ಎರಡನ್ನೂ ಒಂದೇ ಎಂದುಕೊಂಡಿರಬೇಕು. ಗೆರೆಯ ಮೇಲೆ 1004, 1006 ಎಂದು ಅಂಕಿ ಇದ್ದರೆ ಭಾರದ ನಕ್ಷೆ, ಬಾಣದ ತಲೆ ಇದ್ದರೆ ಗಾಳಿಯ ನಕ್ಷೆ.

ಪೆರ್ಲದ ತೋಟ

ಹೌದು, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಗೊಂದಲ ಮಾಡಿಕೊಂಡಿದ್ದೆ.

ಬರುವ ಗುರುವಾರದ ನಕ್ಷೆ ನೋಡಿದೆ. ಸೂರತ್ ವರೆಗೆ ಎರಡೇ ಗೆರೆ, 1006 ಮತ್ತು 1004. ತುಂಡುಗೆರೆ ಇಲ್ಲ. ಕಡ್ಡಿಯಲ್ಲಿ ಒಂದೇ ಉದ್ದ ಗರಿ, ವಾಯವ್ಯದಿಂದ. ಬಂಗಾಳ ಕೊಲ್ಲಿಯಲ್ಲಿ L ಇಲ್ಲ. ಮದ್ದು ಬಿಡಬಹುದೇ?

ನೀರ್ಚಾಲಿನ ಟೀಚರ್

ನನಗೆ ಅಷ್ಟು ಧೈರ್ಯ ಇಲ್ಲ. ಹೋದ ವರ್ಷ ಹೀಗೆಯೇ ಎರಡು ಗೆರೆಯ ದಿನ, ರಾತ್ರಿ ಒಂದೇ ಗಂಟೆಯಲ್ಲಿ 60 ಮಿಲಿಮೀಟರ್ ಸುರಿಯಿತು. ಕುಂಬಳೆಯಲ್ಲಿ ಅಂಗಳ ಒಣಗಿಯೇ ಇತ್ತಂತೆ. ಸಣ್ಣ ಸುಳಿ ಕಡಲಲ್ಲಿ ಎದ್ದರೆ ಎರಡು ಹೆಕ್ಟೋಪಾಸ್ಕಲ್ ಅಂತರದ ಗೆರೆಯಲ್ಲಿ ಅದು ಕಾಣುವುದೇ ಇಲ್ಲ.

ಮಂಜೇಶ್ವರದ ನಾವಿಕ

ಟೀಚರ್ ಹೇಳುವುದು ಸರಿ. ಭಾರದ ನಕ್ಷೆ ದಿನವನ್ನು ಆರಿಸಿಕೊಡುತ್ತದೆ, ಗಂಟೆಯನ್ನಲ್ಲ. ಗುರುವಾರ ನಸುಕಿಗೆ ಉಪಗ್ರಹದ ಮೋಡಚಿತ್ರ ನೋಡಿ. ಕಡಲ ಮೇಲೆ ಬಿಳಿ ಮುದ್ದೆಗಳು ನಮ್ಮ ಕಡೆಗೆ ಬರುತ್ತಿದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಬೆಳಗ್ಗೆಯೇ ಶುರುಮಾಡಿ. ನಾನಾದರೆ ಒಂದು ಡ್ರಮ್ ಮಾತ್ರ ಕಲಸುತ್ತಿದ್ದೆ.

ಪೆರ್ಲದ ತೋಟ

ಗುರುವಾರ ರಾತ್ರಿ ಬರೆಯುತ್ತಿದ್ದೇನೆ. ಒಂದು ಡ್ರಮ್ ಹತ್ತು ಗಂಟೆಗೆ ಮುಗಿಯಿತು, ಮಧ್ಯಾಹ್ನ ಮೂರರವರೆಗೆ ಒಣ ಇತ್ತು. ಗೊನೆಯ ಮೇಲೆ ನೀಲಿ ಪದರ ನಿಂತಿದೆ. ಮೂರೂಕಾಲಕ್ಕೆ ಹತ್ತು ನಿಮಿಷ ಮಳೆ ಬಂತು, ಆದರೆ ಅದರ ಗಾಳಿ ಮೂಡಣದಿಂದ ಬಂದಂತೆ ಕಂಡಿತು. ನಕ್ಷೆಯಲ್ಲಿ ವಾಯವ್ಯ ಎಂದಿತ್ತಲ್ಲ, ಇದೇಕೆ ಹೀಗೆ?

ನೀರ್ಚಾಲಿನ ಟೀಚರ್

ನಮ್ಮಲ್ಲೂ ಹಾಗೆಯೇ ಮೂಡಣದಿಂದ ಬಂತು. ಗುಡುಗು ಇರಲಿಲ್ಲ. ಮೋಡದಿಂದ ಇಳಿದ ತಂಪು ಗಾಳಿಯೋ, ಘಟ್ಟದಿಂದ ಹಿಂದಿರುಗಿದ್ದೋ ನನಗೆ ನಿಶ್ಚಯವಿಲ್ಲ. ಬೇರೆ ಯಾರಾದರೂ ಗಮನಿಸಿದ್ದರೆ ಸಮಯ ಮತ್ತು ದಿಕ್ಕು ಬರೆಯಿರಿ.